ಆಂಡ್ರಾಯ್ಡ್ 9ರಿಂದ 15ರವರೆಗೆ ಎಷ್ಟು ಫೋನ್‌ಗಳಲ್ಲಿ ಟೆಸ್ಟ್ ಮಾಡಬೇಕು?

ಪ್ರಶ್ನೆ: ಉಡುಪಿಯಲ್ಲಿ ಮೂವರು ಸೇರಿ ಮೀನು ಆರ್ಡರ್ ಮಾಡುವ ಆ್ಯಪ್ ಕಟ್ಟುತ್ತಿದ್ದೇವೆ. ಇಷ್ಟೆಲ್ಲ ಸ್ಕ್ರೀನ್, ವರ್ಷನ್‌ಗಳಲ್ಲಿ ಟೆಸ್ಟ್ ಮಾಡೋದು ಹೇಗೆ?

ಉತ್ತರ: ಮೊದಲು ಪಿಕ್ಸೆಲ್ ಮರೆತು ಡಿಪಿ ಅಗಲ ನೋಡಿ: ಪಿಕ್ಸೆಲ್ × 160 ÷ ಡೆನ್ಸಿಟಿ. 720 ಪಿಕ್ಸೆಲ್, 320 ಡೆನ್ಸಿಟಿಯ ಅಗ್ಗದ ಫೋನೂ, 1080 ಪಿಕ್ಸೆಲ್, 480 ಡೆನ್ಸಿಟಿಯದ್ದೂ 360 ಡಿಪಿಯೇ. ಲೇಔಟ್ ಮಟ್ಟಿಗೆ ಎರಡೂ ಒಂದೇ. ಹೀಗೆ 320, 360, 411 ಮತ್ತು ಟ್ಯಾಬ್ಲೆಟ್‌ಗೆ 600 ಸಾಕು.

ವರ್ಷನ್‌ಗಳಲ್ಲಿ ನಡವಳಿಕೆ ಬದಲಾಗುವಲ್ಲಿ ಮಾತ್ರ ನಿಲ್ಲಿ. 9 ನಿಮ್ಮ ಕನಿಷ್ಠ. 13ರಿಂದ ನೋಟಿಫಿಕೇಶನ್‌ಗೆ ಅನುಮತಿ ಕೇಳಬೇಕು. `targetSdk` 35 ಇದ್ದರೆ 15ರಲ್ಲಿ ಆ್ಯಪ್ ಸ್ಟೇಟಸ್ ಬಾರ್ ಅಡಿಗೂ ಹರಡುತ್ತದೆ.

ಅಗಲ ಬದಲಿಸಲು 1080 ಪಿಕ್ಸೆಲ್‌ನ ಒಂದೇ ಎಮ್ಯುಲೇಟರ್ ಸಾಕು. ಇದು 320 ಡಿಪಿ, ದೊಡ್ಡ ಅಕ್ಷರ:

```
adb shell wm density 540
adb shell settings put system font_scale 1.3
```

ಇಲ್ಲಿಯೇ ಕನ್ನಡ ಕೈಕೊಡುವುದು. ಬಟನ್‌ಗೆ ಎತ್ತರ ನಿಗದಿ ಮಾಡಿದ್ದರೆ "ಪಟ್ಟಿಗೆ ಸೇರಿಸಿ" ಎಂಬಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತದೆ. ಆದರೂ ಎಸ್ಪ್ರೆಸೊ ಟೆಸ್ಟ್ ಪಾಸ್! ಅದು ನೋಡುವುದು ಪಠ್ಯ ಇದೆಯೇ ಎಂದಷ್ಟೇ. ಆದ್ದರಿಂದ ಮುಖ್ಯ ಪರದೆಗಳಿಗೆ ಸ್ಕ್ರೀನ್‌ಶಾಟ್ ಹೋಲಿಕೆಯ ಟೆಸ್ಟ್ ಬರೆಯಿರಿ. ಮೊದಲ ಚಿತ್ರಗಳನ್ನು ಕಣ್ಣಿಂದಲೇ ನೋಡಿ ಒಪ್ಪಬೇಕು, ಇಲ್ಲವಾದರೆ ತಪ್ಪೇ ಮಾದರಿಯಾಗುತ್ತದೆ.

ಕೈಯಾರೆ ಮಾಡುವ ಟೆಸ್ಟ್ ನಿಜವಾದ ಫೋನ್‌ಗೆ ಮೀಸಲಿಡಿ. ಬೇರೆ ಬೇರೆ ಕಂಪನಿಯ ಎರಡು ಅಗ್ಗದ ಫೋನ್ ಲಾಕ್ ಮಾಡಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಆರ್ಡರ್ ಸಂದೇಶ ಕಳಿಸಿ. ಬ್ಯಾಟರಿ ಉಳಿಸುವ ನೆಪದಲ್ಲಿ ಫೋನ್ ನಿಮ್ಮ ಆ್ಯಪನ್ನು ಮಲಗಿಸಿರುತ್ತದೆಯೇ ಎಂದು ಎಮ್ಯುಲೇಟರ್ ಹೇಳುವುದಿಲ್ಲ.