ಎಐಎಸ್‌ನಲ್ಲಿ ಒಂದು ಮೊತ್ತ, 26ಎಎಸ್‌ನಲ್ಲಿ ಇನ್ನೊಂದು: ರಿಟರ್ನ್‌ನಲ್ಲಿ ಯಾವುದನ್ನು ತುಂಬಬೇಕು?

ಪ್ರಶ್ನೆ: ನಾನು ಕಾಲೇಜಿನಲ್ಲಿ ಲೆಕ್ಚರರ್. 2024–25ರ ರಿಟರ್ನ್ ಹಾಕಬೇಕು. ಎಐಎಸ್‌ನಲ್ಲಿ ಬ್ಯಾಂಕ್ ಬಡ್ಡಿ ಎರಡು ಸಲ ಬಂದಿದೆ. ಹೊರಗೆ ಕ್ಲಾಸ್ ತೆಗೆದುಕೊಂಡಿದ್ದಕ್ಕೆ ಮುರಿದುಕೊಂಡ ಟಿಡಿಎಸ್ 26ಎಎಸ್‌ನಲ್ಲಿ ಪೂರ್ತಿ ಕಾಣುತ್ತಿಲ್ಲ. ಯಾವುದನ್ನು ನಂಬಿ ತುಂಬಲಿ?

ಉತ್ತರ:

ಎರಡರಲ್ಲಿ ಯಾವುದನ್ನೂ ಪೂರ್ತಿ ನಂಬಬೇಡಿ. ನಿಮ್ಮ ಹೆಸರಿಗೆ ತೆರಿಗೆ ಎಷ್ಟು ಜಮಾ ಆಗಿದೆ ಎಂದು ತಿಳಿಯಲು 26ಎಎಸ್ ನೋಡಿ. ಆದಾಯ ಎಷ್ಟು ಅನ್ನುವುದಕ್ಕೆ ನಿಮ್ಮ ಬಡ್ಡಿ ಪ್ರಮಾಣಪತ್ರ, ಪಾಸ್‌ಬುಕ್, ಬಿಲ್ಲುಗಳೇ ಆಧಾರ. ಎಐಎಸ್ ಅಂದರೆ ನಿಮ್ಮ ಬಗ್ಗೆ ಬೇರೆಯವರು ಇಲಾಖೆಗೆ ಏನೇನು ಹೇಳಿದ್ದಾರೆ ಎಂಬ ಪಟ್ಟಿ, ಅಷ್ಟೇ. ಅವರು ಹೇಳಿದ್ದು ಎರಡು ಸಲ ಇರಬಹುದು, ತಪ್ಪಿರಬಹುದು. ಕೆಲವರು ಏನೂ ಹೇಳದೆಯೂ ಇರಬಹುದು.

ನಾನು ಲೆಕ್ಕಪತ್ರದ ಕೆಲಸದಲ್ಲಿರುವವನು. ನಮ್ಮ ಚಿಕ್ಕಮ್ಮನ ಮಗಳದ್ದೂ ಹೆಚ್ಚುಕಡಿಮೆ ನಿಮ್ಮಂಥದೇ ಲೆಕ್ಕ. ಅವಳೂ ಲೆಕ್ಚರರ್. ಬ್ಯಾಂಕಿನಲ್ಲಿ ಎಫ್‌ಡಿ, ಊರಿನ ಸೌಹಾರ್ದದಲ್ಲಿ ಒಂದಿಷ್ಟು ಠೇವಣಿ, ವರ್ಷಕ್ಕೆ ನಾಲ್ಕು ಸಲ ಒಂದು ತರಬೇತಿ ಸಂಸ್ಥೆಯಲ್ಲಿ ಕ್ಲಾಸ್. ಆ ಲೆಕ್ಕವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಶುರುವಿನಲ್ಲೇ ಒಂದು ಎಚ್ಚರ. ಎಐಎಸ್ ಕೇಳುವುದು ಹಣಕಾಸು ವರ್ಷ, ಅಂದರೆ 2024-25. 26ಎಎಸ್ ಕೇಳುವುದು ಅಸೆಸ್‌ಮೆಂಟ್ ವರ್ಷ, ಅಂದರೆ ಅದೇ ಆದಾಯಕ್ಕೆ 2025-26. ಎರಡರಲ್ಲೂ 2024-25 ಒತ್ತಿ, ಯಾವುದೂ ತಾಳೆಯಾಗುತ್ತಿಲ್ಲ ಎಂದು ಗಾಬರಿಯಾದವರನ್ನು ಪ್ರತಿ ವರ್ಷ ನೋಡುತ್ತೇನೆ. ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆದ ಮೇಲೆ ಎಐಎಸ್ ಮೇಲಿನ ಮೆನುವಿನಲ್ಲೇ ಸಿಗುತ್ತದೆ. 26ಎಎಸ್‌ಗೆ e-File, ಅದರೊಳಗೆ Income Tax Returns, ಆಮೇಲೆ View Form 26AS ಒತ್ತಿದರೆ ಇಲಾಖೆಯ ಟಿಡಿಎಸ್ ಲೆಕ್ಕವಿರುವ ಟ್ರೇಸಸ್ ಸೈಟಿಗೆ ಹೋಗುತ್ತದೆ.

ಈಗ ಬಡ್ಡಿಯ ವಿಷಯ. ಅವಳ ಎಐಎಸ್‌ನಲ್ಲಿ ಟಿಡಿಎಸ್ ಭಾಗದಲ್ಲಿ ಬ್ಯಾಂಕಿನ ಹೆಸರಿತ್ತು: ಸೆಕ್ಷನ್ 194ಎ, ಬಡ್ಡಿ ₹62,400, ತೆರಿಗೆ ₹6,240. ಕೆಳಗೆ ಎಸ್‌ಎಫ್‌ಟಿ ಭಾಗದಲ್ಲಿ, ಅಂದರೆ ಬ್ಯಾಂಕಿನಂಥವರು ಇಲಾಖೆಗೆ ಕೊಡುವ ವಹಿವಾಟಿನ ವರದಿಯಲ್ಲಿ, ಅದೇ ಬ್ಯಾಂಕು, ಅದೇ ₹62,400 ಮತ್ತೆ ಬಂದಿತ್ತು. ಜೊತೆಗೆ ಉಳಿತಾಯ ಖಾತೆಯ ಬಡ್ಡಿ ₹7,850. ಎಲ್ಲ ಕೂಡಿದರೆ ₹1,32,650 ಆಗುತ್ತದೆ. ಆದರೆ ಎಫ್‌ಡಿ ಬಡ್ಡಿ ಎರಡು ಸಲ ಬಂದಿಲ್ಲ, ಎರಡು ಸಲ ವರದಿಯಾಗಿದೆ. ತೆರಿಗೆ ಮುರಿದುಕೊಂಡವರಾಗಿ ಬ್ಯಾಂಕು ಒಮ್ಮೆ ಹೇಳಬೇಕು, ಬಡ್ಡಿ ಕೊಟ್ಟವರಾಗಿ ಇನ್ನೊಮ್ಮೆ ಹೇಳಬೇಕು. ನಿಮಗೆ ಎರಡು ಸಲ ಕಾಣುತ್ತಿರುವುದಕ್ಕೂ ಬಹುಶಃ ಇದೇ ಕಾರಣ.

ಇದನ್ನು ತಿಳಿಯಲು ಎಐಎಸ್ ಪಕ್ಕದಲ್ಲೇ ಇರುವ ಟಿಐಎಸ್ ತೆರೆಯಿರಿ. ಅದು ಒಂದೊಂದು ಬಗೆಯ ಆದಾಯಕ್ಕೆ ಒಂದೊಂದು ಸಾರಾಂಶ ಕೊಡುತ್ತದೆ. ಸಾಮಾನ್ಯವಾಗಿ ಎರಡು ಸಲ ಬಂದದ್ದನ್ನು ಅಲ್ಲಿ ಒಂದೇ ಮಾಡಿರುತ್ತಾರೆ. ಅವಳದರಲ್ಲಿ ಎಫ್‌ಡಿ ಬಡ್ಡಿ ₹62,400, ಉಳಿತಾಯ ಬಡ್ಡಿ ₹7,850 ಎಂದು ಸರಿಯಾಗಿಯೇ ಇತ್ತು. ನಿಮ್ಮ ಟಿಐಎಸ್‌ನಲ್ಲೂ ಎರಡು ಪಟ್ಟು ಇದ್ದರೆ, ಎಐಎಸ್‌ನಲ್ಲಿ ಆ ಸಾಲನ್ನು ತೆರೆದು ಫೀಡ್‌ಬ್ಯಾಕ್‌ನಲ್ಲಿ ಇದು ಡೂಪ್ಲಿಕೇಟ್ ಅನ್ನುವ ಆಯ್ಕೆ ಒತ್ತಿ. ಉಳಿತಾಯ ಬಡ್ಡಿಯನ್ನು ಮಾತ್ರ ಎಫ್‌ಡಿ ಬಡ್ಡಿಯ ಜೊತೆ ಸೇರಿಸಿ ಬರೆಯಬೇಡಿ. ಹಳೆ ಪದ್ಧತಿಯಲ್ಲಿ ರಿಟರ್ನ್ ಹಾಕುವವರಿಗೆ ಅದರ ಮೇಲೆ 80ಟಿಟಿಎ ಅಡಿ ₹10,000ದವರೆಗೆ ಕಡಿತ ಸಿಗುತ್ತದೆ.

ಪಾಸ್‌ಬುಕ್ ನೋಡಿ ಎಫ್‌ಡಿ ಬಡ್ಡಿಯನ್ನು ತಾಳೆ ನೋಡಲು ಹೋದರೆ ಕೆಲವೊಮ್ಮೆ ತಲೆ ಕೆಡುತ್ತದೆ. ಬಡ್ಡಿ ಅಸಲಿಗೇ ಸೇರುತ್ತಾ ಹೋಗುವ ಎಫ್‌ಡಿ ಆಗಿದ್ದರೆ, ಅವಧಿ ಮುಗಿಯುವವರೆಗೆ ಪಾಸ್‌ಬುಕ್ಕಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಆದರೆ ಬ್ಯಾಂಕು ಪ್ರತಿ ವರ್ಷ ಆ ವರ್ಷದ ಬಡ್ಡಿ ಲೆಕ್ಕ ಹಾಕಿ ಟಿಡಿಎಸ್ ಮುರಿಯುತ್ತದೆ. "ನನಗೆ ದುಡ್ಡೇ ಬಂದಿಲ್ಲ, ಇದ್ಯಾವ ಬಡ್ಡಿ?" ಎಂದು ಕೇಳುವವರು ಬಹಳ ಜನ. ಹಾಗಾಗಿ ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ ತೆಗೆದುಕೊಳ್ಳಿ. ನೆಟ್ ಬ್ಯಾಂಕಿಂಗ್‌ನಲ್ಲೇ ಸಿಗುತ್ತದೆ. ಅದರ ಮೊತ್ತ ಎಐಎಸ್‌ಗೆ ತಾಳೆಯಾದರೆ ಆ ಸಾಲು ಮುಗಿಯಿತು.

ಇನ್ನು ಸೌಹಾರ್ದದ ಠೇವಣಿ. ವರ್ಷಕ್ಕೆ ₹18,000 ಬಡ್ಡಿ ಬಂದಿತ್ತು. ಎಐಎಸ್‌ನಲ್ಲೂ ಇಲ್ಲ, 26ಎಎಸ್‌ನಲ್ಲೂ ಇಲ್ಲ. 26ಎಎಸ್‌ನಲ್ಲಿ ಇಲ್ಲದ್ದು ಸಹಜವೇ, ಯಾಕೆಂದರೆ ಅಲ್ಲಿ ಟಿಡಿಎಸ್ ಮುರಿದಿರಲಿಲ್ಲ. ಸದಸ್ಯರ ಬಡ್ಡಿಗೆ ಟಿಡಿಎಸ್ ಮುರಿಯಬೇಕಾಗಿಲ್ಲದ ಪತ್ತಿನ ಸಂಘಗಳು ಎಷ್ಟೋ ಇವೆ. ಬ್ಯಾಂಕುಗಳೂ ಆ ವರ್ಷ ₹40,000 ಮೀರುವವರೆಗೆ ಮುರಿಯಬೇಕಾಗಿರಲಿಲ್ಲ, ಹಿರಿಯ ನಾಗರಿಕರಿಗೆ ₹50,000. ಆದರೆ ಟಿಡಿಎಸ್ ಇಲ್ಲ ಅಂದರೆ ತೆರಿಗೆಯೂ ಇಲ್ಲ ಅಂತಲ್ಲ. ಆ ₹18,000 ಅವಳ ಆದಾಯವೇ, ತೋರಿಸಲೇಬೇಕು. ಕೊನೆಗೆ ಅವಳ ಒಟ್ಟು ಬಡ್ಡಿ ₹88,250 ಆಯಿತು. ಎಐಎಸ್ ಕೂಡಿದರೆ ಬರುತ್ತಿದ್ದುದು ₹1,32,650, ಟಿಐಎಸ್ ತೋರಿಸುತ್ತಿದ್ದುದು ₹70,250. ಎರಡೂ ಅಲ್ಲ. ಪೋರ್ಟಲ್ ತಾನೇ ತುಂಬಿಟ್ಟ ಮೊತ್ತವನ್ನು ನೋಡಿ ಸುಮ್ನೆ ಮುಂದೆ ಹೋಗುವವರು ಎಡವುವುದು ಇಲ್ಲೇ.

ನಿಮ್ಮ ಎರಡನೆಯ ತೊಂದರೆ ಇದಕ್ಕಿಂತ ಸ್ವಲ್ಪ ಜಾಸ್ತಿ ಕೆಲಸ ಕೊಡುತ್ತದೆ. ಅವಳಿಗೆ ಸಂಸ್ಥೆಯವರು ಒಂದೊಂದು ಸಲಕ್ಕೆ ₹15,000ದಂತೆ ನಾಲ್ಕು ಸಲ ಕೊಟ್ಟಿದ್ದರು. ಸೆಕ್ಷನ್ 194ಜೆ ಪ್ರಕಾರ ಶೇಕಡ 10 ಮುರಿದು, ಖಾತೆಗೆ ಬಂದದ್ದು ₹13,500. ಪಾಸ್‌ಬುಕ್ಕಿನಲ್ಲಿ ₹13,500ರ ನಾಲ್ಕು ಸಾಲು: ಆಗಸ್ಟ್, ಅಕ್ಟೋಬರ್, ಡಿಸೆಂಬರ್, ಮಾರ್ಚ್. 26ಎಎಸ್‌ನಲ್ಲಿ ಸಂಸ್ಥೆಯ ಹೆಸರಿನ ಕೆಳಗೆ ಇದ್ದದ್ದು ಮೂರೇ ಸಾಲು. ಒಟ್ಟು ₹45,000, ತೆರಿಗೆ ₹4,500. ಮಾರ್ಚಿನದು ಇಲ್ಲ.

ಬರೀ ಒಟ್ಟು ಮೊತ್ತ ನೋಡಿದರೆ ಇಂಥದ್ದು ಗೊತ್ತಾಗುವುದಿಲ್ಲ. ಒಂದೊಂದು ಸಾಲನ್ನೂ ತೆರೆದು, ದಿನಾಂಕವನ್ನು ಪಾಸ್‌ಬುಕ್ಕಿನ ಜೊತೆ ಇಟ್ಟು ನೋಡಬೇಕು. ಹಾಗೆ ನೋಡುವಾಗ Status of Booking ಎಂಬ ಕಾಲಮ್ಮನ್ನೂ ಗಮನಿಸಿ. ಅಲ್ಲಿ F ಇದ್ದರೆ ಮುರಿದ ತೆರಿಗೆ ಸರ್ಕಾರಕ್ಕೆ ಸೇರಿ ಲೆಕ್ಕಕ್ಕೆ ಹತ್ತಿದೆ ಎಂದರ್ಥ. U ಇದ್ದರೆ ಅವರು ಹೇಳಿದ ಚಲನ್ ಬ್ಯಾಂಕಿನ ದಾಖಲೆಗೆ ತಾಳೆಯಾಗಿಲ್ಲ. ಸಾಲು ಕಂಡಿತಲ್ಲ ಎಂದು ಅದನ್ನು ನಂಬಿ ಕೂರುವ ಹಾಗಿಲ್ಲ.

ಮಾರ್ಚಿನ ಸಾಲು ಕಾಣದಿದ್ದರೆ, ನೀವು 26ಎಎಸ್ ನೋಡುತ್ತಿರುವುದು ಯಾವ ತಿಂಗಳಲ್ಲಿ ಎಂದು ಮೊದಲು ಗಮನಿಸಿ. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ ವಿವರ ಕೊಡಲು ಅವರಿಗೆ ಮೇ 31ರವರೆಗೆ ಸಮಯ ಇರುತ್ತದೆ. ಅದು 26ಎಎಸ್‌ಗೆ ಬರಲು ಮತ್ತೆ ಕೆಲವು ದಿನ. ಏಪ್ರಿಲ್, ಮೇನಲ್ಲಿ ಕಾಣದಿದ್ದರೆ ಅದು ತಪ್ಪೇ ಅಲ್ಲ. ಜೂನ್ ಅರ್ಧ ಕಳೆದ ಮೇಲೂ ಇಲ್ಲದಿದ್ದರೆ ಕೇಳಬೇಕು. ಕೇಳುವಾಗ "ಟಿಡಿಎಸ್ ಕಟ್ಟಿದ್ದೀರಾ?" ಎಂದು ಕೇಳಬೇಡಿ. ಎಲ್ಲರೂ ಹೂಂ ಅಂತಾರೆ. "ನಾಲ್ಕನೇ ಕ್ವಾರ್ಟರಿನ ಫಾರ್ಮ್ 16ಎ ಕೊಡಿ, ಟ್ರೇಸಸ್‌ನಿಂದ ತೆಗೆದದ್ದು" ಎಂದು ಕೇಳಿ. ವಿವರ ಸಲ್ಲಿಸದೆ ಅದು ಹುಟ್ಟುವುದೇ ಇಲ್ಲ.

ಅವಳ ವಿಷಯದಲ್ಲಿ ಸಂಸ್ಥೆಯವರು ತೆರಿಗೆ ಕಟ್ಟಿದ್ದರು, ವಿವರವನ್ನೂ ಸಲ್ಲಿಸಿದ್ದರು. ಹೊಸದಾಗಿ ಬಂದ ಅಕೌಂಟೆಂಟ್ ಪ್ಯಾನ್‌ನ ಒಂದು ಅಂಕಿ ತಪ್ಪು ಹೊಡೆದಿದ್ದರು. ಆ ತಪ್ಪು ಪ್ಯಾನ್ ಇನ್ಯಾರದ್ದೋ ಆಗಿತ್ತು. ಅವಳ ₹1,500 ಗುರುತಿಲ್ಲದವರ 26ಎಎಸ್‌ನಲ್ಲಿ ಹೋಗಿ ಕೂತಿತ್ತು, ಅವರ ಎಐಎಸ್‌ನಲ್ಲಿ ₹15,000 ಆದಾಯ ಕಾಣುತ್ತಿತ್ತು. ನಿಮ್ಮ ಎಐಎಸ್‌ನಲ್ಲಿ ಕೇಳರಿಯದ ಕಂಪನಿಯ ಹೆಸರು ಕಂಡರೆ ಅದು ಈ ಕಥೆಯ ಇನ್ನೊಂದು ತುದಿ ಇರಬಹುದು. ಬಿಟ್ಟಿ ಬಂತು ಎಂದು ಆ ತೆರಿಗೆಯನ್ನು ನಿಮ್ಮ ರಿಟರ್ನ್‌ನಲ್ಲಿ ಸೇರಿಸಬೇಡಿ. ಬೇರೆ ಪ್ಯಾನಿಗೆ ಸೇರಿದ್ದು ಎಂದು ಫೀಡ್‌ಬ್ಯಾಕ್ ಕೊಡಿ.

ಇಲ್ಲೊಂದು ವಿಷಯದಲ್ಲಿ ಜನ ಮೋಸಹೋಗುತ್ತಾರೆ. ಎಐಎಸ್‌ನಲ್ಲಿ ಕೊಟ್ಟ ಫೀಡ್‌ಬ್ಯಾಕ್‌ನಿಂದ 26ಎಎಸ್ ಬದಲಾಗುವುದಿಲ್ಲ. ಕಾಣೆಯಾದ ಟಿಡಿಎಸ್‌ಗೆ ಫೀಡ್‌ಬ್ಯಾಕ್ ಕೊಡಲು ಅಲ್ಲಿ ಸಾಲೇ ಇರುವುದಿಲ್ಲವಲ್ಲ. ಅದನ್ನು ಸರಿಮಾಡಲು ಆಗುವುದು ಮುರಿದುಕೊಂಡವರಿಗೆ ಮಾತ್ರ. ಅವರು 26ಕ್ಯೂ ಎಂಬ ತಮ್ಮ ಟಿಡಿಎಸ್ ವಿವರಕ್ಕೆ ತಿದ್ದುಪಡಿ ಸಲ್ಲಿಸಬೇಕು. ನೀವು ಬರೆಯುವ ಮೇಲ್‌ನಲ್ಲಿ ಪ್ಯಾನ್, ಪಾವತಿಯ ದಿನಾಂಕ, ಒಟ್ಟು ಮೊತ್ತ, ಮುರಿದ ತೆರಿಗೆ, ಇಷ್ಟು ಇದ್ದರೆ ಅವರ ಅಕೌಂಟೆಂಟ್‌ಗೆ ಮತ್ತೇನೂ ಬೇಕಾಗುವುದಿಲ್ಲ. ಅವಳದು ತಿದ್ದುಪಡಿ ಆದ ಮೇಲೆ ನಾಲ್ಕನೇ ಸಾಲು F ಜೊತೆ ಬಂತು. ಆಮೇಲೇ ರಿಟರ್ನ್ ಹಾಕಿದೆವು.

ತುಂಬುವಾಗ ಆದಾಯ ₹60,000 ಎಂದೇ ಬರೆಯಿರಿ. ಖಾತೆಗೆ ಬಂದದ್ದು ₹54,000 ಅಲ್ವಾ ಎಂದು ಅದನ್ನೇ ಬರೆಯುವವರಿದ್ದಾರೆ. ಮುರಿದುಕೊಂಡ ₹6,000 ಕೂಡ ನಿಮ್ಮ ಆದಾಯವೇ, ಅದಕ್ಕೇ ಅದು ನಿಮ್ಮ ತೆರಿಗೆ ಲೆಕ್ಕದಲ್ಲಿ ಕಳೆಯುತ್ತದೆ.

ಎಷ್ಟು ಕೇಳಿದರೂ ಸಂಸ್ಥೆಯವರು ಸರಿಮಾಡದೆ, ಕೊನೆ ದಿನ ಬಂದೇ ಬಿಟ್ಟರೆ? ಎರಡು ದಾರಿ ಇವೆ. ಮೊತ್ತ ಚಿಕ್ಕದಾಗಿದ್ದರೆ ಪೂರ್ತಿ ಆದಾಯ ತೋರಿಸಿ, 26ಎಎಸ್‌ನಲ್ಲಿ ಇದ್ದಷ್ಟು ತೆರಿಗೆಯನ್ನು ಮಾತ್ರ ಕ್ಲೇಮ್ ಮಾಡಿ, ಉಳಿದದ್ದನ್ನು ಕೈಯಿಂದ ಕಟ್ಟಿ ಮುಗಿಸುವುದು. ₹1,500ಕ್ಕೆ ನಾನಾದರೆ ಹೀಗೇ ಮಾಡುತ್ತೇನೆ. ಮೊತ್ತ ದೊಡ್ಡದಾಗಿದ್ದರೆ ಮುರಿದದ್ದನ್ನೆಲ್ಲ ಕ್ಲೇಮ್ ಮಾಡಿ. ಆದರೆ 26ಎಎಸ್‌ನಲ್ಲಿ ಇಲ್ಲದ್ದಕ್ಕೆ ಸಿಸ್ಟಮ್ ಲೆಕ್ಕ ಕೊಡುವುದಿಲ್ಲ. ರಿಟರ್ನ್ ನೋಡಿದ ಮೇಲೆ ಇಲಾಖೆ ಕಳಿಸುವ 143(1) ಸೂಚನೆಯಲ್ಲಿ ಅಷ್ಟು ಬಾಕಿ ಎಂದು ಬರುತ್ತದೆ. ಆಗ ಪೋರ್ಟಲ್‌ನ Response to Outstanding Demand ಎಂಬಲ್ಲಿ ಒಪ್ಪುವುದಿಲ್ಲ ಎಂದು ಉತ್ತರಿಸಿ, ನಿಮ್ಮ ಅಧಿಕಾರಿಗೂ ಬರೆಯಿರಿ. ನಿಮ್ಮ ಹಣದಿಂದ ತೆರಿಗೆ ಮುರಿದಾಗಿದ್ದರೆ ಅಷ್ಟನ್ನು ನಿಮ್ಮಿಂದಲೇ ಮತ್ತೆ ಕೇಳುವಂತಿಲ್ಲ ಎಂದು 1961ರ ಕಾಯ್ದೆಯ ಸೆಕ್ಷನ್ 205 ಹೇಳುತ್ತದೆ. ಇಂಥ ಬಾಕಿಯನ್ನು ಒತ್ತಾಯದಿಂದ ವಸೂಲಿ ಮಾಡಬೇಡಿ ಎಂದು ನೇರ ತೆರಿಗೆ ಮಂಡಳಿಯಾದ ಸಿಬಿಡಿಟಿ 2015ರಲ್ಲಿ ಅಧಿಕಾರಿಗಳಿಗೆ ಬರೆದಿದೆ. ಇಷ್ಟಕ್ಕೆಲ್ಲ ಮುರಿದದ್ದಕ್ಕೆ ಪುರಾವೆ ಬೇಕು: ₹15,000 ಎಂದಿರುವ ನಿಮ್ಮ ಬಿಲ್ಲು ಅಥವಾ ಅವರ ಪತ್ರ, ₹13,500 ಬಂದ ಪಾಸ್‌ಬುಕ್ ಪುಟ, ನೀವು ಕೇಳಿ ಬರೆದ ಮೇಲ್‌ಗಳು. ಫೋನಿನಲ್ಲಿ ಮಾತಾಡಿದ್ದಕ್ಕೆ ಅಲ್ಲಿ ಬೆಲೆಯಿಲ್ಲ, ಹಾಗಾಗಿ ಇವತ್ತೇ ಒಂದು ಮೇಲ್ ಹಾಕಿಬಿಡಿ.