ನಾಲ್ಕು ದಾಖಲೆಗಳಲ್ಲಿ ನಾಲ್ಕು ಹೆಸರು: ಇಂಗ್ಲಿಷ್ ಅನುವಾದದಲ್ಲಿ ಯಾವುದನ್ನು ಬರೆಸಬೇಕು?

ಪ್ರಶ್ನೆ: ಊರು ಕುಷ್ಟಗಿ. ಕೆನಡಾಕ್ಕೆ ಅರ್ಜಿ ಹಾಕುತ್ತಿದ್ದೇನೆ. 1990ರ ದಶಕದ ಏಳನೇ ತರಗತಿ ಅಂಕಪಟ್ಟಿ ಮತ್ತು ಟಿ.ಸಿ. ಕನ್ನಡದಲ್ಲಿ ಮಾತ್ರ ಇವೆ. ಅಂಕಪಟ್ಟಿಯಲ್ಲಿ ‘ಈರೇಶ’, ಟಿ.ಸಿ.ಯಲ್ಲಿ ‘ವೀರೇಶ ತಂದೆ ಹನುಮಂತಪ್ಪ’, ಎರಡೂ ಭಾಷೆ ಇರುವ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ VEERESHA H, ಪಾಸ್‌ಪೋರ್ಟ್‌ನಲ್ಲಿ VEERESH HANUMANTHAPPA ಎಂದಿದೆ. ಎಲ್ಲವನ್ನೂ ಪಾಸ್‌ಪೋರ್ಟ್‌ನಂತೆ ಬರೆಸಬಹುದೇ? ಶೇಕಡಾವಾರು ಅಂಕ ಸೇರಿಸಬಹುದೇ? ಟಿ.ಸಿ.ಯ ಮೊಹರು ಬೇರೆ ಮಾಸಿದೆ.

ಉತ್ತರ: ಬಳ್ಳಾರಿಯಲ್ಲಿ ಕುಳಿತು ಇದೇ ಕೆಲಸ ಮಾಡುವವನು ನಾನು. ಎಲ್ಲವನ್ನೂ ಪಾಸ್‌ಪೋರ್ಟ್‌ನಂತೆ ಬರೆಸಲು ಆಗುವುದಿಲ್ಲ. ಆದರೆ ನಿಮ್ಮ ನಾಲ್ಕು ಹೆಸರುಗಳು ಒಂದೇ ಬಗೆಯ ಸಮಸ್ಯೆಯಲ್ಲ, ಒಂದೊಂದಾಗಿ ನೋಡೋಣ.

ಟಿ.ಸಿ.ಯದು ಸುಲಭ. ಅಲ್ಲಿ ಹೆಸರು ಕನ್ನಡ ಲಿಪಿಯಲ್ಲಿ ಮಾತ್ರ ಇದೆ. ‘ವೀರೇಶ’ವನ್ನು ಇಂಗ್ಲಿಷಿನಲ್ಲಿ Veeresh ಎಂದೂ ಬರೆಯಬಹುದು, Veeresha ಎಂದೂ ಬರೆಯಬಹುದು, ಎರಡೂ ತಪ್ಪಲ್ಲ. ಎರಡೂ ಸರಿ ಇರುವಾಗ ಪಾಸ್‌ಪೋರ್ಟ್‌ನಲ್ಲಿರುವುದನ್ನು ಆರಿಸಿಕೊಳ್ಳಬೇಕು. ತಂದೆಯ ಹೆಸರಿಗೂ ಅದೇ ಮಾತು. ‘ಹನುಮಂತಪ್ಪ’ದ ‘ತ’ಕ್ಕೆ th ಬರೆಯಬೇಕೇ t ಸಾಕೇ ಎಂಬ ಚರ್ಚೆ ಪಾಸ್‌ಪೋರ್ಟ್ ತೆರೆದರೆ ಮುಗಿಯುತ್ತದೆ. ಇಲ್ಲಿ ಎಚ್ಚರ ಬೇಕಾದದ್ದು ನಡುವಿನ ‘ತಂದೆ’ಯ ಬಗ್ಗೆ. ನಮ್ಮ ಭಾಗದ ದಾಖಲೆಗಳಲ್ಲಿ ಅದು ಸಾಮಾನ್ಯ. ಹೊರಗಿನ ಅನುವಾದಕರ ಕೈಗೆ ಸಿಕ್ಕರೆ ಅದೂ ಹೆಸರಿನ ಭಾಗವಾಗಿ Veeresh Tande Hanumanthappa ಆಗಿಬಿಡುತ್ತದೆ. ನಾನೇ ಅಂಥದ್ದನ್ನು ಕಂಡಿದ್ದೇನೆ. ಅದು ಹೆಸರಲ್ಲ, son of ಎಂದು ಬರಬೇಕು.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮಂಡಳಿಯೇ ಇಂಗ್ಲಿಷಿನಲ್ಲಿ ಮುದ್ರಿಸಿದೆ. ಕೊನೆಯ A ಆಗಲಿ, ಬಿಡಿಸದ H ಆಗಲಿ, ಅದನ್ನು ಮುಟ್ಟುವ ಅಧಿಕಾರ ಅನುವಾದಕನಿಗಿಲ್ಲ. ಎಲ್ಲ ವಿವರವೂ ಇಂಗ್ಲಿಷಿನಲ್ಲಿ ಇದ್ದರೆ ಅದಕ್ಕೆ ಅನುವಾದವೇ ಬೇಡ. ಮೊಹರು, ಷರಾ ಅಥವಾ ಹಿಂಬದಿಯ ಬರಹ ಕನ್ನಡದಲ್ಲಿ ಮಾತ್ರ ಇದೆಯೇ ಎಂದು ತಿರುಗಿಸಿ ನೋಡಿ.

ನಿಜವಾದ ತೊಡಕು ‘ಈರೇಶ’. ವೀರೇಶನನ್ನು ಈರೇಶ, ವೀರಣ್ಣನನ್ನು ಈರಣ್ಣ ಎಂದು ಕರೆಯುವುದು ನಮಗೆ ಗೊತ್ತು. ಕೆನಡಾದ ಅಧಿಕಾರಿಗೆ ಅದು ಇನ್ನೊಬ್ಬನ ಹೆಸರು. ಆದರೂ ಅನುವಾದದಲ್ಲಿ Eeresh ಎಂದೇ ಬರಬೇಕು. ಕೆಳಗೆ ಅನುವಾದಕನ ಟಿಪ್ಪಣಿಯಾಗಿ ‘ಮೂಲದಲ್ಲಿ ಹೀಗೆಯೇ ಇದೆ’ ಎಂಬ ಒಂದು ಸಾಲು ಸಾಕು. ಇಬ್ಬರೂ ಒಬ್ಬರೇ ಎಂದು ಹೇಳುವ ಕೆಲಸ ನಿಮ್ಮದು. ಛಾಪಾ ಕಾಗದದ ಮೇಲೆ, ನಾಲ್ಕೂ ರೂಪಗಳನ್ನು ದಾಖಲೆಯ ಹೆಸರಿನೊಂದಿಗೆ ಬರೆದು, ಇವೆಲ್ಲ ಒಬ್ಬನೇ ವ್ಯಕ್ತಿಯ ಹೆಸರುಗಳು ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿ. ಅದರಲ್ಲಿನ ಕಾಗುಣಿತ ಅನುವಾದದ ಕಾಗುಣಿತಕ್ಕೆ ಅಕ್ಷರಶಃ ಹೊಂದಬೇಕು. ಆದ್ದರಿಂದ ಅನುವಾದದ ಕರಡು ಕೈಗೆ ಬಂದ ಮೇಲೆಯೇ ಪ್ರಮಾಣಪತ್ರ ಟೈಪ್ ಮಾಡಿಸಿ.

ಊರು, ಜಿಲ್ಲೆಗಳೂ ಹೀಗೆಯೇ. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ನಿಮ್ಮ ಕಾಗದದಲ್ಲಿ ‘ತಾ: ಕುಷ್ಟಗಿ, ಜಿ: ರಾಯಚೂರು’ ಎಂದಿದ್ದರೆ ರಾಯಚೂರೇ ಉಳಿಯಲಿ. ಈಗಿನ ಜಿಲ್ಲೆಯನ್ನು ಹಾಕಿ ‘ಸರಿಪಡಿಸಿ’ ಕೊಡುವವರಿದ್ದಾರೆ, ದಯವಿಟ್ಟು ಒಪ್ಪಬೇಡಿ: ಮೂಲದ ಕೆಳಗಿನ ಮೊಹರಿನಲ್ಲಿ ಒಂದು ಜಿಲ್ಲೆ, ಅನುವಾದದಲ್ಲಿ ಇನ್ನೊಂದು ಕಂಡರೆ ಅನುಮಾನ ಅಲ್ಲಿಂದಲೇ ಶುರುವಾಗುತ್ತದೆ.

ಶೇಕಡಾವಾರು ಮೂಲದಲ್ಲಿ ಇಲ್ಲದಿದ್ದರೆ ಅನುವಾದದಲ್ಲೂ ಇರುವಂತಿಲ್ಲ. ಕೆನಡಾದ ಪದ್ಧತಿಗೆ ಅಂಕಗಳನ್ನು ಹೊಂದಿಸುವುದು ಮೌಲ್ಯಮಾಪನ ಸಂಸ್ಥೆಯ ಕೆಲಸ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ವಿಷಯಗಳಿಗೆ ನೂರು ಎಂಬುದೂ ಗೊತ್ತಿಲ್ಲದವರು ಲೆಕ್ಕ ಹಾಕಿ ತಪ್ಪು ಶೇಕಡಾ ಬರೆದುಕೊಟ್ಟದ್ದೂ ಉಂಟು. ನಡತೆಯ ಕಾಲಮ್ಮಿನಲ್ಲಿ ‘ತೃಪ್ತಿಕರ’ ಎಂದಿದ್ದರೆ Satisfactory ಅಷ್ಟೇ. Good ಮಾಡಿ ಎಂದು ಕೇಳಬೇಡಿ.

ದರ್ಜೆ ಮತ್ತು ಶ್ರೇಣಿಯ ವಿಷಯದಲ್ಲಿ ನಾನು ಮಾಡುವುದು ಹೀಗೆ. ಎರಡೂ ಭಾಷೆ ಇರುವ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಮಂಡಳಿ ಯಾವ ಕನ್ನಡ ಪದಕ್ಕೆ ಯಾವ ಇಂಗ್ಲಿಷ್ ಪದ ಬಳಸಿದೆಯೋ ಅದನ್ನೇ ಉಳಿದ ಕಾಗದಗಳಿಗೂ ಬಳಸುತ್ತೇನೆ. ಇಲ್ಲವಾದರೆ ‘ಪ್ರಥಮ ದರ್ಜೆ’ ಒಂದು ಪುಟದಲ್ಲಿ First Class, ಮುಂದಿನ ಪುಟದಲ್ಲಿ First Division ಆಗಿ, ಓದುವವರು ಅವು ಎರಡು ಬೇರೆ ಮಟ್ಟಗಳೆಂದು ತಿಳಿಯುತ್ತಾರೆ. ‘ಮುಖ್ಯ ಗುರುಗಳು’ ಮತ್ತು ‘ಮುಖ್ಯೋಪಾಧ್ಯಾಯರು’ ಎರಡಕ್ಕೂ ನಾನು ಬರೆಯುವುದು Head Master.

ಏಳನೇ ತರಗತಿ ಅಂಕಪಟ್ಟಿಯ ಅಂಕಿಗಳು ಕೈಬರಹದ ಕನ್ನಡ ಅಂಕಿಗಳಾಗಿದ್ದರೆ ಅನುವಾದಕನ ಜೊತೆ ನೀವೂ ಕುಳಿತು ನೋಡಿ. ೩ ಮತ್ತು ೬ ಅವಸರದ ಕೈಯಲ್ಲಿ ಒಂದೇ ತರಹ ಕಾಣುತ್ತವೆ. ಗಣಿತದ ಅಂಕ ೩೧ ಇರಬಹುದು, ೬೧ ಇರಬಹುದು ಎನ್ನಿ. ಉಳಿದ ಐದು ವಿಷಯಗಳ ಮೊತ್ತ 305, ಕೆಳಗೆ ಒಟ್ಟು 366 ಎಂದು ಅಕ್ಷರದಲ್ಲೂ ಬರೆದಿದ್ದರೆ ಗಣಿತ 61 ಎಂಬುದು ಖಚಿತ. ಯಾವ ಓದಿಗೂ ಮೊತ್ತ ಹೊಂದದಿದ್ದರೆ ಶಾಲೆಯವರೇ ಕೂಡಿಸುವಾಗ ಎಡವಿದ್ದಾರೆ ಎಂದರ್ಥ. ಆಗಲೂ ಮೂಲದಲ್ಲಿ ಇದ್ದಂತೆಯೇ ಬರೆದು ಟಿಪ್ಪಣಿ ಹಾಕಬೇಕು. ಜನ್ಮ ದಿನಾಂಕವನ್ನೂ ಟಿ.ಸಿ.ಯಲ್ಲಿ ಅಕ್ಷರದಲ್ಲಿ ಬರೆದಿರುವುದರ ಜೊತೆ ತಾಳೆ ನೋಡಿ.

ಇನ್ನು ಮೊಹರು. ಅನುವಾದದಲ್ಲಿ ಮೊಹರಿನ ಚಿತ್ರ ಅಂಟಿಸಬಾರದು, ಅದರ ವಿವರಣೆ ಬರೆಯಬೇಕು: ಚೌಕ ಕಂಸದೊಳಗೆ ಅದರ ಆಕಾರ, ಶಾಯಿಯ ಬಣ್ಣ, ಒಳಗಿನ ಅಕ್ಷರಗಳ ಅನುವಾದ, ಮೂಲದಲ್ಲಿ ಇರುವ ಜಾಗದಲ್ಲಿಯೇ. ಸಹಿ ಓದಲು ಬಾರದಿದ್ದರೆ ‘ಸಹಿ ಇದೆ, ಅಸ್ಪಷ್ಟ’ ಎಂದಷ್ಟೇ. ನಿಮ್ಮ ಮೊಹರಿನಲ್ಲಿ ‘…ಪ್ರೌಢ ಶಾಲೆ, ಕು…’ ಎಂದು ಮಾತ್ರ ಕಾಣುತ್ತಿದ್ದರೆ ಅಷ್ಟನ್ನೇ ಬರೆದು ಉಳಿದದ್ದು ಅಸ್ಪಷ್ಟ ಎನ್ನಬೇಕು. ಅದು ಕುಷ್ಟಗಿಯೇ ಎಂದು ನನಗೂ ಗೊತ್ತು, ನಿಮಗೂ ಗೊತ್ತು, ಕಾಗದ ಹೇಳುತ್ತಿಲ್ಲ. ಸ್ಕ್ಯಾನ್ ಮಾಡಿಸುವಾಗ ಬಣ್ಣದಲ್ಲೇ ಮಾಡಿಸಿ. ಕಪ್ಪುಬಿಳುಪಿನಲ್ಲಿ ನೇರಳೆ ಮೊಹರು ಮತ್ತು ಅದರ ಮೇಲಿನ ನೀಲಿ ಸಹಿ ಕಲೆಸಿಹೋಗಿ ಇದ್ದ ಅಕ್ಷರವೂ ಕಳೆಯುತ್ತದೆ. ಪೂರ್ತಿ ಮಾಸಿದ್ದರೆ ಅನುವಾದಕ್ಕೆ ಕೊಡುವ ಮುಂಚೆ ಶಾಲೆಗೆ ಹೋಗಿ ದಾಖಲಾತಿ ವಹಿಯ ಆಧಾರದ ಮೇಲೆ ಟಿ.ಸಿ.ಯ ದ್ವಿಪ್ರತಿ ಕೇಳಿ.

ಕೊನೆಯದಾಗಿ ದೃಢೀಕರಣ. ಕೆನಡಾದ ವಲಸೆ ಇಲಾಖೆ ಅರ್ಜಿದಾರರು ಅಥವಾ ಅವರ ಕುಟುಂಬದವರು ಮಾಡಿದ ಅನುವಾದವನ್ನು ಒಪ್ಪುವುದಿಲ್ಲ. ಇಂಗ್ಲಿಷ್ ಅಧ್ಯಾಪಕರಾದ ನಿಮ್ಮ ಅಣ್ಣ ಮಾಡಿಕೊಟ್ಟರೂ ಅಷ್ಟೇ. ಅನುವಾದಕ ವೃತ್ತಿ ಸಂಘವೊಂದರ ಮಾನ್ಯತೆ ಪಡೆದವನಲ್ಲದಿದ್ದರೆ, ತನಗೆ ಎರಡೂ ಭಾಷೆ ಬರುತ್ತದೆ, ಅನುವಾದ ಪೂರ್ಣ ಮತ್ತು ನಿಖರವಾಗಿದೆ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿದ ಪತ್ರ ಬೇಕು. ಅದನ್ನು ಮಾಡಬೇಕಾದವನು ಅನುವಾದಕ, ನೀವಲ್ಲ. ಬರೀ ಅನುವಾದದ ಮೇಲೆ ನೋಟರಿ ಮೊಹರು ಹೊಡೆಸಿಕೊಂಡು ಬಂದರೆ ಈ ಷರತ್ತು ಪೂರೈಸಿದಂತಾಗುವುದಿಲ್ಲ. ಮೂಲದ ದೃಢೀಕೃತ ನೆರಳಚ್ಚು ಪ್ರತಿಯೂ ಜೊತೆಗಿರಬೇಕು. ಏಳನೇ ತರಗತಿ ಅಂಕಪಟ್ಟಿ ಮತ್ತು ಟಿ.ಸಿ. ಎರಡರ ಅನುವಾದವನ್ನೂ ಒಬ್ಬರಿಂದಲೇ, ಒಟ್ಟಿಗೆ ಮಾಡಿಸಿ. ಕೊಡುವಾಗ ಪಾಸ್‌ಪೋರ್ಟ್ ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಪ್ರತಿಗಳನ್ನೂ ಜೊತೆಗಿಡಿ, ಅವು ಅನುವಾದಕ್ಕಲ್ಲ, ಕಾಗುಣಿತಕ್ಕೆ ಎಂದು ಮೇಲೆ ಪೆನ್ಸಿಲ್‌ನಲ್ಲಿ ಬರೆದು.