ಸ್ಪೀಡೋಮೀಟರ್ ಮುಳ್ಳು ಮತ್ತು ಡೆರಿವೇಟಿವ್

ಪ್ರಶ್ನೆ: ಡೆರಿವೇಟಿವ್ ಅಂದ್ರೆ ನಿಜಕ್ಕೂ ಏನನ್ನು ಅಳೆಯುತ್ತದೆ?

ಒಂದು ಕ್ಷಣದಲ್ಲಿ ಬದಲಾವಣೆಯ ದರ ಎಷ್ಟು ಎಂಬುದನ್ನು. ಮಂಗಳೂರಿನಿಂದ ಉಡುಪಿಗೆ ಬಸ್ಸು ಸರಾಸರಿ ಗಂಟೆಗೆ 40 ಕಿ.ಮೀ. ಹೋಗಿರಬಹುದು. ಆದರೆ ಸುರತ್ಕಲ್ ಸ್ಟಾಪಿನಲ್ಲಿ ಮುಳ್ಳು ಸೊನ್ನೆಯಲ್ಲಿತ್ತು, ಪಡುಬಿದ್ರಿ ದಾಟಿದ ಮೇಲೆ 70ರಲ್ಲಿ. ಮುಳ್ಳು ತೋರಿಸುವುದು ದೂರದ ಡೆರಿವೇಟಿವ್.

ಸ್ಟಾಪಿನಿಂದ ಹೊರಟ ಬಸ್ಸು t ಸೆಕೆಂಡಿನಲ್ಲಿ t² ಮೀಟರ್ ಹೋಗುತ್ತದೆ ಅನ್ನಿ (ನಮ್ಮ ಎಕ್ಸ್‌ಪ್ರೆಸ್ ಡ್ರೈವರ್‌ಗಳಿಗೆ ಇದೇನು ಮಹಾ!). ಸರಿಯಾಗಿ 3ನೇ ಸೆಕೆಂಡಿನಲ್ಲಿ ವೇಗ ಎಷ್ಟು? 3ರಿಂದ 4ರವರೆಗೆ ಬಸ್ಸು 16 − 9 = 7 ಮೀಟರ್ ಹೋಯಿತು, ಅಂದರೆ ಸರಾಸರಿ ಸೆಕೆಂಡಿಗೆ 7. 3ರಿಂದ 3.1ರವರೆಗಿನ ಸರಾಸರಿ 6.1, 3.01ರವರೆಗೆ 6.01. ಅವಧಿ ಕುಗ್ಗಿದಷ್ಟೂ ಉತ್ತರ 6ರ ಹತ್ತಿರ ಬರುತ್ತದೆ. ಆ 6 ಡೆರಿವೇಟಿವ್; ಸೆಕೆಂಡಿಗೆ 6 ಮೀಟರ್ ಅಂದರೆ ಮುಳ್ಳಿನಲ್ಲಿ ಗಂಟೆಗೆ 21.6 ಕಿ.ಮೀ. ಅವಧಿಯನ್ನು ಸೊನ್ನೆಯೇ ಮಾಡಿಬಿಟ್ಟರೆ 0/0 ಬಂದು ಲೆಕ್ಕ ಕೆಡುತ್ತದೆ, ಅದಕ್ಕೇ ಲಿಮಿಟ್, ಅಂದರೆ ಅವಧಿ ಸೊನ್ನೆಯ ಹತ್ತಿರ ಹೋದಂತೆ ಉತ್ತರ ಯಾವ ಸಂಖ್ಯೆಯತ್ತ ಸಾಗುತ್ತದೋ ಅದು, ಬೇಕಾದದ್ದು.